ಪಾಸ್‌ಪೋರ್ಟ್ ಕಳೆದ ಮೇಲೆ ಬರೆಯುವ ಒಂದು ಪುಟ

ಬೆಂಗಳೂರಿನಿಂದ ಯುರೋಪಿಗೆ ಪ್ರವಾಸಿ ಗುಂಪುಗಳನ್ನು ಕರೆದುಕೊಂಡು ಹೋಗುವುದು ನನ್ನ ಉದ್ಯೋಗ. ಗುಂಪಿನಲ್ಲಿ ಯಾರದಾದರೂ ಪಾಸ್‌ಪೋರ್ಟ್ ಹೋಯಿತೆಂದರೆ ಮೊದಲು ಬರುವ ಪ್ರಶ್ನೆ, "ಮೇಡಂ, ಕಾನ್ಸುಲೇಟ್‌ನಲ್ಲಿ ನಿಮಗೆ ಯಾರಾದರೂ ಗೊತ್ತಾ?" ಗೊತ್ತಿದ್ದರೂ ಅದರಿಂದ ಆಗುವ ಉಪಯೋಗ ಕಡಿಮೆ. ಅಲ್ಲಿನ ಅಧಿಕಾರಿ ತಿಳಿದುಕೊಳ್ಳಬೇಕಾದದ್ದು ಮೂರೇ ಸಂಗತಿ. ಎದುರಿಗಿರುವವರು ಭಾರತದ ಪ್ರಜೆಯೇ? ಕಳೆದುಹೋದ ಪಾಸ್‌ಪೋರ್ಟ್ ನಿಜವಾಗಿ ಇವರದ್ದೇ? ಕಾಗದ ಕೈಗೆ ಸಿಕ್ಕ ಮೇಲೆ ಇವರು ನೇರವಾಗಿ ಊರಿಗೆ ಹೋಗುತ್ತಾರೆಯೇ? ನೀವು ಬರೆಯುವ ಪತ್ರದ ಒಂದೊಂದು ಸಾಲೂ ಈ ಮೂರರಲ್ಲಿ ಯಾವುದಕ್ಕಾದರೂ ಉತ್ತರವಾಗಿದ್ದು, ಆ ಉತ್ತರವನ್ನು ಅವರು ಇನ್ನೊಂದು ದಾಖಲೆಯ ಜತೆ ಹೋಲಿಸಿ ನೋಡುವಂತಿರಬೇಕು. ಉಳಿದ ಸಾಲುಗಳು ಓದುವವರ ಸಮಯ ತಿನ್ನುತ್ತವೆ, ಅಷ್ಟೆ.

ಮುಂದಿನ ಪಾಠಗಳಿಗೆ ಮಿಲಾನ್‌ನ ಒಂದು ಪ್ರಸಂಗವನ್ನು ಆಧಾರ ಮಾಡಿಕೊಂಡಿದ್ದೇನೆ. ಮೈಸೂರು ಕಡೆಯ ನಿವೃತ್ತ ಮೇಷ್ಟ್ರು, ಜತೆಗೆ ಅವರ ಪತ್ನಿ. ವೆನಿಸ್‌ನಿಂದ ಮಿಲಾನ್ ಸೆಂಟ್ರಾಲೆ ನಿಲ್ದಾಣಕ್ಕೆ ರೈಲಿನಲ್ಲಿ ಬಂದಿಳಿದಾಗ ಮೇಲಿನ ರ‍್ಯಾಕಿನಲ್ಲಿಟ್ಟಿದ್ದ ಮೇಷ್ಟ್ರ ಚೀಲ ಇರಲಿಲ್ಲ. ಅಂದು ಗುರುವಾರ ಸಂಜೆ. ಗುಂಪಿನ ವಾಪಸ್ ವಿಮಾನ ಭಾನುವಾರ. ಶನಿವಾರ, ಭಾನುವಾರ ಕಾನ್ಸುಲೇಟ್‌ಗೆ ರಜೆ. ಎಂದರೆ ಕೈಯಲ್ಲಿದ್ದದ್ದು ಶುಕ್ರವಾರ ಒಂದೇ.

1. ಏನು ಬೇಕೆಂದು ಮೊದಲು ತೀರ್ಮಾನಿಸಿ, ಅದೊಂದನ್ನೇ ಕೇಳಿ

1967ರ ಪಾಸ್‌ಪೋರ್ಟ್ ಕಾಯ್ದೆಯಲ್ಲಿ ಎಮರ್ಜೆನ್ಸಿ ಸರ್ಟಿಫಿಕೇಟ್ ಎಂಬ ದಾಖಲೆಯ ಪ್ರಸ್ತಾಪವಿದೆ. ಭಾರತದೊಳಗೆ ಪ್ರವೇಶಿಸಲು ಕೊಡುವ ಕಾಗದ ಅದು. ಒಂದೇ ಪ್ರಯಾಣಕ್ಕೆ, ಒಂದೇ ದಿಕ್ಕಿಗೆ. ಅದನ್ನು ಹಿಡಿದು ಇನ್ನೊಂದು ದೇಶ ಸುತ್ತಿ ಬರಲಾಗದು. ಕಾನ್ಸುಲೇಟ್‌ಗಳು ಹೊಸ ಪಾಸ್‌ಪೋರ್ಟನ್ನೂ ಕೊಡುತ್ತವೆ, ಆದರೆ ಊರಿನ ಪಾಸ್‌ಪೋರ್ಟ್ ಕಚೇರಿಯ ಜತೆ ಪರಿಶೀಲನೆ ಮುಗಿಯುವವರೆಗೆ ಕಾಯಬೇಕು. ಅಲ್ಲೇ ಓದುವ ಹುಡುಗರಿಗೆ, ಅಲ್ಲೇ ಕೆಲಸ ಮಾಡುವವರಿಗೆ ಪಾಸ್‌ಪೋರ್ಟೇ ಬೇಕು. ಎಮರ್ಜೆನ್ಸಿ ಸರ್ಟಿಫಿಕೇಟ್ ತೆಗೆದುಕೊಂಡು ಊರಿಗೆ ಬಂದರೆ ಅವರು ಮರಳಿ ಹೋಗಲು ಹೊಸ ಪಾಸ್‌ಪೋರ್ಟ್ ಮಾಡಿಸಬೇಕು, ಅದಕ್ಕೆ ಮತ್ತೆ ವೀಸಾ ಹೊಂದಿಸಬೇಕು. ನಮ್ಮಂಥ ಪ್ರವಾಸಿಗಳಿಗೆ ಎಮರ್ಜೆನ್ಸಿ ಸರ್ಟಿಫಿಕೇಟ್ ಸಾಕು.

ಮೇಷ್ಟ್ರ ತೊಡಕು ಬೇರೆ ಇತ್ತು. ಮಿಲಾನ್‌ನಲ್ಲಿ ಗುಂಪಿನಿಂದ ಬೇರೆಯಾಗಿ ಲಂಡನ್ನಿನಲ್ಲಿರುವ ಮಗಳ ಮನೆಗೆ ಹೋಗಿ ಹದಿನೈದು ದಿನ ಇರುವ ಯೋಜನೆ. ಬ್ರಿಟನ್ನಿನ ವೀಸಾ ಕೂಡ ಅದೇ ಪಾಸ್‌ಪೋರ್ಟಿನಲ್ಲಿತ್ತು. ಹೋಟೆಲಿನ ಲಾಬಿಯಲ್ಲಿ ಕೂತು ಅವರು ಬರೆದ ಮೊದಲ ಪತ್ರದಲ್ಲಿ "ದಯವಿಟ್ಟು ತಾತ್ಕಾಲಿಕ ಪಾಸ್‌ಪೋರ್ಟ್ ಅಥವಾ ಸರ್ಟಿಫಿಕೇಟ್ ಕೊಡಿ, ಸಾಧ್ಯವಾದರೆ ಲಂಡನ್ ಮೂಲಕ ಹೋಗಲು ಅನುಮತಿ ಕೊಡಿ" ಎಂದಿತ್ತು.

"ಮೇಷ್ಟ್ರೇ, ಈ ಸಾಲಿದ್ದರೆ ಇಡೀ ಅರ್ಜಿಯೇ ಅನುಮಾನಕ್ಕೆ ಬೀಳುತ್ತೆ" ಅಂದೆ.

"ಕೇಳಿದರೆ ತಪ್ಪೇನಮ್ಮಾ? ಕೊಟ್ಟರೆ ಕೊಟ್ಟರು."

ತಪ್ಪೇನೂ ಅಲ್ಲ. ಆದರೆ "ನೇರವಾಗಿ ಊರಿಗೆ ಹೋಗುತ್ತಾರೆಯೇ" ಎಂಬ ಮೂರನೇ ಪ್ರಶ್ನೆಗೆ ಈ ಸಾಲು "ಇಲ್ಲ" ಎನ್ನುತ್ತದೆ. ಬ್ರಿಟನ್ನಿನ ವೀಸಾ ಭಾರತದ ಕಾನ್ಸುಲೇಟ್ ಕೈಯಲ್ಲಿಲ್ಲ. ಮಗಳು ಫೋನಿನಲ್ಲಿ ಅತ್ತಳು, ಮೇಷ್ಟ್ರು ಲಂಡನ್ ಬಿಟ್ಟರು. ಗುಂಪಿನ ವಿಮಾನದಲ್ಲೇ ದಂಪತಿಗೆ ಸೀಟು ಖರೀದಿಸಿದೆವು. ದುಬಾರಿಯೇ ಆಯಿತು. ಆದರೆ ಪತ್ರಕ್ಕೆ ಬೆನ್ನೆಲುಬು ಬಂದದ್ದು ಆ ಟಿಕೆಟ್‌ನಿಂದ.

2. ಪತ್ರಕ್ಕಿಂತ ಮೊದಲು ಪೊಲೀಸ್ ದೂರು

ಇಟಲಿಯಲ್ಲಿ ಈ ದೂರಿಗೆ ದೆನುಂಚಾ ಎನ್ನುತ್ತಾರೆ. ಊರಿನ ಪೊಲೀಸ್ ಠಾಣೆಯಲ್ಲೂ ಕೊಡಬಹುದು, ಕರಬಿನಿಯೇರಿ ಪಡೆಯ ಠಾಣೆಯಲ್ಲೂ ಕೊಡಬಹುದು. ರೈಲಿನಲ್ಲೋ ನಿಲ್ದಾಣದಲ್ಲೋ ನಡೆದ ಕಳವಿಗೆ ದೊಡ್ಡ ನಿಲ್ದಾಣಗಳಲ್ಲಿ ರೈಲ್ವೆ ಪೊಲೀಸರೇ ಇರುತ್ತಾರೆ. ಚೀಲ ಕಾಣೆಯಾದದ್ದು ತಿಳಿದ ಕೂಡಲೇ ನಾವು ಹೋದದ್ದು ಅವರಲ್ಲಿಗೆ.

ಇಲ್ಲಿ ಗಮನಿಸಬೇಕಾದದ್ದು ಎರಡಿದೆ. ಒಂದು, ಕಳವೋ ಕಳೆದದ್ದೋ ಎಂಬುದು. ಇಟಲಿಯವರು ಇವೆರಡಕ್ಕೆ ಬೇರೆ ಬೇರೆ ದೂರು ಬರೆದುಕೊಳ್ಳುತ್ತಾರೆ. "ಯಾರೋ ಕದ್ದಿರಬಹುದು, ಅಥವಾ ನಾನೇ ಎಲ್ಲೋ ಬಿಟ್ಟಿರಬಹುದು" ಎಂದು ಠಾಣೆಯಲ್ಲಿ ಹೇಳಿ, ಕಾನ್ಸುಲೇಟ್ ಪತ್ರದಲ್ಲಿ ಖಡಾಖಂಡಿತವಾಗಿ "ಕದ್ದರು" ಎಂದು ಬರೆದರೆ, ಎರಡು ಕಾಗದ ಎರಡು ಕಥೆ ಹೇಳಿದಂತಾಗುತ್ತದೆ. ನಿಮಗೆ ಗೊತ್ತಿರುವುದನ್ನು ಮಾತ್ರ ಹೇಳಿ. ಚೀಲ ರ‍್ಯಾಕಿನಲ್ಲಿತ್ತು, ಇಳಿಯುವಾಗ ಇರಲಿಲ್ಲ ಎಂದರೆ ಅದನ್ನು ಕಳವು ಎಂದು ದಾಖಲಿಸುವುದು ಸಹಜ. ಜೇಬಿನಲ್ಲಿದ್ದದ್ದು ಎಲ್ಲಿ ಬಿತ್ತೋ ತಿಳಿಯದಿದ್ದರೆ ಅದು ಕಳೆದದ್ದು.

ಎರಡನೆಯದು ಸಹಿ ಹಾಕುವ ಮುನ್ನ ಓದುವುದು. ಇಟಾಲಿಯನ್ ಬಾರದಿದ್ದರೂ ನಿಮ್ಮ ಹೆಸರು, ಹುಟ್ಟಿದ ದಿನ, ಹುಟ್ಟಿದ ಊರು, ಪಾಸ್‌ಪೋರ್ಟ್ ಸಂಖ್ಯೆ ಈ ನಾಲ್ಕನ್ನು ಬೆರಳಿಟ್ಟು ನೋಡಿ. ಅವರಿಗೆ ನಮ್ಮ ಹೆಸರು ಅಪರಿಚಿತ; ಒಂದಕ್ಷರ ಆಚೀಚೆ ಆಗುವುದು ಮಾಮೂಲು. ಅಲ್ಲೇ ತಿದ್ದಿಸಿದರೆ ಕ್ಷಣದ ಕೆಲಸ, ಮರುದಿನ ತಿದ್ದಿಸಲು ಹೋದರೆ ಅರ್ಧ ದಿನ ಹೋಗುತ್ತದೆ. ಮೊಹರು ಬಿದ್ದ ಪ್ರತಿಯನ್ನು ಕೈಗೆ ಪಡೆದು, ಕೂಡಲೇ ಫೋನಿನಲ್ಲಿ ಫೋಟೋ ತೆಗೆದುಕೊಳ್ಳಿ.

3. ಕಳೆದ ಪಾಸ್‌ಪೋರ್ಟಿನ ಸಂಖ್ಯೆ ಎಲ್ಲೋ ಒಂದೆಡೆ ಇದ್ದೇ ಇರುತ್ತದೆ

ಸಂಖ್ಯೆ ಬಾಯಿಪಾಠ ಇರುವವರು ಅಪರೂಪ. ಆದರೆ ವೀಸಾ ಅರ್ಜಿಯ ಪ್ರತಿ ಈಮೇಲಿನಲ್ಲಿರುತ್ತದೆ, ವಿಮಾನದ ಬುಕಿಂಗಿನಲ್ಲಿ ಸಂಖ್ಯೆ ತುಂಬಿರುತ್ತೀರಿ, ಟ್ರಾವೆಲ್ ಏಜೆಂಟರಿಗೆ ವಾಟ್ಸಾಪಿನಲ್ಲಿ ಫೋಟೋ ಕಳಿಸಿರುತ್ತೀರಿ. ಇಟಲಿಯ ಹೋಟೆಲುಗಳು ತಂಗುವವರ ವಿವರವನ್ನು ಪೊಲೀಸರಿಗೆ ತಿಳಿಸಬೇಕೆಂಬ ನಿಯಮವಿರುವುದರಿಂದ ಹಿಂದಿನ ರಾತ್ರಿ ಉಳಿದ ಹೋಟೆಲಿನ ರಿಸೆಪ್ಷನ್‌ಗೆ ಫೋನು ಮಾಡಿದರೂ ಸಿಗಬಹುದು. ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ ನೀವೇ ಅರ್ಜಿ ಹಾಕಿದ್ದರೆ ಆ ಖಾತೆಯಲ್ಲಿ ಫೈಲ್ ಸಂಖ್ಯೆ ಉಳಿದಿರುತ್ತದೆ. ಮೇಷ್ಟ್ರ ಪಾಸ್‌ಪೋರ್ಟಿನ ಮೊದಲ ಪುಟ, ಕೊನೆಯ ಪುಟ, ವೀಸಾ ಪುಟ ಮೂರೂ ನಮ್ಮ ಕಚೇರಿಯ ಫೈಲಿನಲ್ಲಿದ್ದವು.

ಕೊನೆಯ ಪುಟವನ್ನು ಎಲ್ಲರೂ ಮರೆಯುತ್ತಾರೆ. ತಂದೆ, ತಾಯಿ, ಸಂಗಾತಿಯ ಹೆಸರು, ವಿಳಾಸ, ಫೈಲ್ ಸಂಖ್ಯೆ ಎಲ್ಲ ಇರುವುದು ಅಲ್ಲೇ. ಅರ್ಜಿಯಲ್ಲಿ ಕೇಳುವುದೂ ಅವನ್ನೇ.

ಆಧಾರ್ ಬಗ್ಗೆ ಒಂದು ಮಾತು. "ಆಧಾರ್ ಇದೆಯಲ್ಲ" ಎಂದು ಎಲ್ಲರೂ ನಿಶ್ಚಿಂತರಾಗಿರುತ್ತಾರೆ. ಆಧಾರ್ ನಿಮ್ಮ ಗುರುತಿಗೆ ಪುರಾವೆ, ಪೌರತ್ವಕ್ಕಲ್ಲ. ಹಳೆಯ ಪಾಸ್‌ಪೋರ್ಟಿನ ಪ್ರತಿ ಇದ್ದರೆ ಅದಕ್ಕೇ ತೂಕ ಹೆಚ್ಚು. ಅದಿಲ್ಲದಿದ್ದರೆ ಆಧಾರ್ ಜತೆ ಮತದಾರರ ಗುರುತಿನ ಚೀಟಿಯನ್ನೂ ಲಗತ್ತಿಸಿ.

4. ಪತ್ರ

ಮೇಷ್ಟ್ರ ಮೊದಲ ಕರಡು ಎರಡು ಪುಟ ದಾಟಿತ್ತು. ಅವರ ಸೇವಾವಧಿ, ಸಕ್ಕರೆ ಕಾಯಿಲೆ, ರೈಲಿನಲ್ಲಿ ಪಕ್ಕ ಕೂತಿದ್ದ ಯುವಕನ ಚಹರೆ, ಇಟಲಿಯ ಭದ್ರತೆಯ ಬಗ್ಗೆ ಬೇಸರ ಎಲ್ಲ ಇತ್ತು. ಇಂಗ್ಲಿಷ್ ಅಚ್ಚುಕಟ್ಟಾಗಿತ್ತು. ಪಾಸ್‌ಪೋರ್ಟ್ ಸಂಖ್ಯೆ ಮಾತ್ರ ಎರಡನೇ ಪುಟದ ಕೆಳಗೆ ಇತ್ತು. ರಾತ್ರಿ ಕೂತು ಒಂದು ಪುಟಕ್ಕೆ ಇಳಿಸಿದೆವು. ಪತ್ರ ಇಂಗ್ಲಿಷಿನಲ್ಲೇ ಇರಬೇಕು. ಅದರ ಸಾರವನ್ನು ಕನ್ನಡದಲ್ಲಿ ಕೊಡುತ್ತೇನೆ. ಅಂಕಿಗಳ ಜಾಗ ಖಾಲಿ ಬಿಟ್ಟಿದ್ದೇನೆ.

> ಇವರಿಗೆ: ಕಾನ್ಸುಲ್ (ಪಾಸ್‌ಪೋರ್ಟ್ ವಿಭಾಗ), ಭಾರತದ ಕಾನ್ಸುಲೇಟ್ ಜನರಲ್, ಮಿಲಾನ್
>
> ವಿಷಯ: ಪಾಸ್‌ಪೋರ್ಟ್ ಕಳವು, ಭಾರತಕ್ಕೆ ಮರಳಲು ಎಮರ್ಜೆನ್ಸಿ ಸರ್ಟಿಫಿಕೇಟ್ ಕೋರಿಕೆ, ಪ್ರಯಾಣ ಭಾನುವಾರ (ದಿನಾಂಕ)
>
> ಮಾನ್ಯರೇ,
>
> ನಾನು ಭಾರತದ ಪ್ರಜೆ. ಹೆಸರು (ಪಾಸ್‌ಪೋರ್ಟಿನಲ್ಲಿರುವಂತೆ) ……, ಹುಟ್ಟಿದ ದಿನಾಂಕ ……, ಸ್ಥಳ ……. ನನ್ನ ಪಾಸ್‌ಪೋರ್ಟ್ ಸಂಖ್ಯೆ ……, ಬೆಂಗಳೂರಿನಲ್ಲಿ …… ರಂದು ಕೊಟ್ಟದ್ದು, …… ರವರೆಗೆ ಚಾಲ್ತಿ. ಷೆಂಗೆನ್ ವೀಸಾದ ಮೇಲೆ …… ರಂದು ಪ್ರವಾಸಿಯಾಗಿ ಬಂದೆ.
>
> …… ರಂದು ಗುರುವಾರ, ವೆನಿಸ್‌ನಿಂದ ಮಿಲಾನ್‌ಗೆ ಬರುವ ರೈಲಿನಲ್ಲಿ ಈ ಪಾಸ್‌ಪೋರ್ಟ್ ಇದ್ದ ಚೀಲ ಕಳವಾಯಿತು. ಅದೇ ಸಂಜೆ ಮಿಲಾನ್ ಸೆಂಟ್ರಾಲೆ ನಿಲ್ದಾಣದ ರೈಲ್ವೆ ಪೊಲೀಸರಿಗೆ ದೂರು ಕೊಟ್ಟಿದ್ದೇನೆ, ಸಂಖ್ಯೆ …….
>
> ಭಾನುವಾರ …… ವಿಮಾನದಲ್ಲಿ ಮಿಲಾನ್ ಮಲ್ಪೆನ್ಸಾದಿಂದ ದೋಹಾ ಮೂಲಕ ಬೆಂಗಳೂರಿಗೆ ಹೋಗಲು ಒಂದೇ ಟಿಕೆಟ್ ಇದೆ, ಬುಕಿಂಗ್ ಸಂಖ್ಯೆ ……. ಪತ್ನಿ ಜತೆಯಲ್ಲಿ ಪ್ರಯಾಣಿಸುತ್ತಿದ್ದಾರೆ, ಅವರ ಪಾಸ್‌ಪೋರ್ಟ್ ಸಂಖ್ಯೆ ……. ಈ ಪ್ರಯಾಣಕ್ಕಾಗಿ ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಡಬೇಕೆಂದು ಕೋರುತ್ತೇನೆ.
>
> ಕಳವಾದ ಪಾಸ್‌ಪೋರ್ಟ್ ರದ್ದಾಗುವುದೆಂದು ತಿಳಿದಿದೆ. ಸಿಕ್ಕರೆ ಅದನ್ನು ಬಳಸದೆ ಕಾನ್ಸುಲೇಟ್‌ಗೆ ಅಥವಾ ಪಾಸ್‌ಪೋರ್ಟ್ ಕಚೇರಿಗೆ ಒಪ್ಪಿಸುತ್ತೇನೆ.
>
> ಸಹಿ, ಇಟಲಿಯಲ್ಲಿ ಸಿಗುವ ಫೋನ್ ಸಂಖ್ಯೆ, ಹೋಟೆಲ್ ವಿಳಾಸ, ಲಗತ್ತುಗಳ ಪಟ್ಟಿ

ಪತ್ನಿಯ ಪಾಸ್‌ಪೋರ್ಟ್ ಸಂಖ್ಯೆಯನ್ನು ಸೇರಿಸಿದ್ದು ಬೇಕೆಂದೇ. ಅವರ ಪಾಸ್‌ಪೋರ್ಟಿನಲ್ಲಿ ಸಂಗಾತಿಯ ಹೆಸರು ಅಂತ ಮೇಷ್ಟ್ರ ಹೆಸರಿತ್ತು. ಅಧಿಕಾರಿಯ ಎರಡನೇ ಪ್ರಶ್ನೆಗೆ, ಜೀವಂತವಾಗಿ ಎದುರಲ್ಲೇ ನಿಂತ ಪುರಾವೆ ಅದು. ಜತೆಯಲ್ಲಿ ಮನೆಯವರು ಯಾರೇ ಇರಲಿ, ಅವರ ಪಾಸ್‌ಪೋರ್ಟಿನ ಪ್ರತಿ ಲಗತ್ತಿಸುವುದನ್ನು ನಾನು ಬಿಡುವುದಿಲ್ಲ.

"ತುರ್ತು" ಎಂಬ ಪದ ಪತ್ರದಲ್ಲಿ ಎಲ್ಲೂ ಇಲ್ಲ. ವಿಷಯದ ಸಾಲಿನಲ್ಲಿ ಭಾನುವಾರದ ದಿನಾಂಕ ಇದೆ. ಬಂದವರೆಲ್ಲ ತುರ್ತು ಎನ್ನುವ ಕಚೇರಿಯಲ್ಲಿ ದಿನಾಂಕವೇ ಹೆಚ್ಚು ಕೆಲಸ ಮಾಡುತ್ತದೆ. ಕಾಯಿಲೆಯ ವಿಷಯ ಬಿಟ್ಟೆವು. ಔಷಧಿಯೂ ಅದೇ ಚೀಲದಲ್ಲಿ ಹೋಗಿದ್ದರೆ ಒಂದು ಸಾಲು ಸೇರಿಸುತ್ತಿದ್ದೆವು.

ಇದು ಅರ್ಜಿಯ ಬದಲಿಗೆ ಕೊಡುವ ಪತ್ರವಲ್ಲ, ಅರ್ಜಿಯ ಜತೆ ಕೊಡುವುದು. ಅರ್ಜಿಯನ್ನು ಸಾಮಾನ್ಯವಾಗಿ ಆನ್‌ಲೈನ್‌ನಲ್ಲಿ ತುಂಬಿ ಮುದ್ರಿಸಬೇಕು. ಫೋಟೋದ ಅಳತೆಯನ್ನು ಆಯಾ ಕಾನ್ಸುಲೇಟ್‌ನ ತಾಣದಲ್ಲೇ ನೋಡಿ. ಮೆಟ್ರೊ ನಿಲ್ದಾಣದ ಯಂತ್ರ ಕೊಡುವುದು ಆ ದೇಶದ ಅಳತೆ, ನಮ್ಮದಕ್ಕೆ ಹೊಂದಬೇಕೆಂದಿಲ್ಲ. ಶುಲ್ಕಕ್ಕೆ ಚಿಲ್ಲರೆ ಯೂರೊ ನಗದು ಇಟ್ಟುಕೊಳ್ಳಿ.

5. ಇನಿಷಿಯಲ್ ಇರುವ ಹೆಸರು

ಉತ್ತರ ಭಾರತದವರಿಗೆ ಅಷ್ಟಾಗಿ ಇಲ್ಲದ, ನಮ್ಮವರಿಗೆ ಮಾತ್ರ ಇರುವ ತಲೆನೋವು ಇದು. ಮಂಜುನಾಥ ಎಚ್.ಎಸ್. ಎಂಬೊಬ್ಬರು ಇದ್ದಾರೆಂದು ಇಟ್ಟುಕೊಳ್ಳಿ. ಆಧಾರಿನಲ್ಲಿ ಹಾಗೇ ಇದೆ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ "ಮಂಜುನಾಥ ಹೊಸಹಳ್ಳಿ ಶಿವಣ್ಣ" ಎಂದು ಮೂರೂ ಗಿವನ್ ನೇಮ್ ಜಾಗದಲ್ಲಿ, ಸರ್‌ನೇಮ್ ಜಾಗ ಖಾಲಿ. ವಿಮಾನದ ಟಿಕೆಟ್ಟಿನಲ್ಲಿ ಕಂಪ್ಯೂಟರ್ ಸರ್‌ನೇಮ್ ಕೇಳಿದ್ದರಿಂದ ಶಿವಣ್ಣ ಸರ್‌ನೇಮ್ ಆದರು. ಇಟಲಿಯ ಪೊಲೀಸರು ಹೊಸಹಳ್ಳಿ ಎಂಬುದನ್ನೇ ಮನೆತನದ ಹೆಸರೆಂದು ಬರೆದುಕೊಂಡರು. ಒಬ್ಬರೇ ವ್ಯಕ್ತಿ, ನಾಲ್ಕು ಕಾಗದದಲ್ಲಿ ನಾಲ್ವರು.

ಇದನ್ನು ಪತ್ರವೇ ಬಗೆಹರಿಸಬೇಕು. ಪತ್ರದಲ್ಲಿಯೂ ಅರ್ಜಿಯಲ್ಲಿಯೂ ಪಾಸ್‌ಪೋರ್ಟಿನಲ್ಲಿದ್ದಂತೆಯೇ, ಖಾಲಿ ಜಾಗ ಖಾಲಿಯಾಗಿಯೇ ಇರಲಿ; ಹೊಸದಾಗಿ ಸರ್‌ನೇಮ್ ಸೃಷ್ಟಿಸಬೇಡಿ. ಆಮೇಲೆ ಒಂದು ಸಾಲು: "ಆಧಾರ್‌ನಲ್ಲಿ ಮಂಜುನಾಥ ಎಚ್.ಎಸ್. ಎಂದಿರುವುದೂ, ಪೊಲೀಸ್ ದೂರಿನಲ್ಲಿ ಹೆಸರಿನ ಭಾಗಗಳು ಹಿಂದುಮುಂದಾಗಿರುವುದೂ ನನ್ನ ಹೆಸರೇ, ಎಚ್. ಎಂದರೆ ಹೊಸಹಳ್ಳಿ, ಎಸ್. ಎಂದರೆ ಶಿವಣ್ಣ." ಅಧಿಕಾರಿ ತಾವಾಗಿ ಕಂಡು ಪ್ರಶ್ನಿಸುವ ಮುನ್ನ ನೀವೇ ಹೇಳಿದರೆ ಅದು ವಿವರಣೆ. ಅವರು ಕೇಳಿದ ಮೇಲೆ ಹೇಳಿದರೆ ಸಮಜಾಯಿಷಿ ಎನಿಸುತ್ತದೆ. ಸರ್ಟಿಫಿಕೇಟ್ ಕೈಗೆ ಬಂದ ಮೇಲೆ ಅದರಲ್ಲಿನ ಹೆಸರನ್ನೂ ಟಿಕೆಟ್ಟಿನ ಹೆಸರನ್ನೂ ಕೌಂಟರಿನಲ್ಲೇ ನಿಂತು ಹೋಲಿಸಿ ನೋಡಿ.

6. ಯಾವ ಕಚೇರಿ, ಯಾವಾಗ

ಕಳೆದ ಊರು ಯಾವ ಕಚೇರಿಯ ವ್ಯಾಪ್ತಿಗೆ ಬರುತ್ತದೆ ಎಂದು ನೋಡಿಕೊಳ್ಳಿ. ವೆನಿಸ್ ಸೇರಿದಂತೆ ಉತ್ತರ ಇಟಲಿಗೆ ಮಿಲಾನ್ ಕಾನ್ಸುಲೇಟ್, ಫ್ಲಾರೆನ್ಸ್‌ನಿಂದ ಕೆಳಕ್ಕೆ ರೋಮ್‌ನ ರಾಯಭಾರ ಕಚೇರಿ. ಗುಂಪು ಸ್ವಿಟ್ಜರ್ಲೆಂಡಿಗೆ ಹೊರಟಿದೆ, ಅಲ್ಲೇ ಬರ್ನ್‌ನಲ್ಲಿ ಮಾಡಿಸೋಣ ಎಂದು ಹೊರಡುವವರಿದ್ದಾರೆ. ಗಡಿಯಲ್ಲಿ ಯಾರೂ ನೋಡುವುದಿಲ್ಲ ಎಂಬ ಧೈರ್ಯ. ಒಂದು ವೇಳೆ ರೈಲಿನಲ್ಲಿ ತಪಾಸಣೆ ಬಂದರೆ ತೋರಿಸಲು ಕೈಯಲ್ಲಿ ಏನೂ ಇರುವುದಿಲ್ಲ. ದೂರು ಕೊಟ್ಟ ದೇಶದಲ್ಲೇ ಉಳಿಯಿರಿ.

ಗುರುವಾರ ರಾತ್ರಿಯೇ ಪತ್ರ, ದೂರು, ಪಾಸ್‌ಪೋರ್ಟ್ ಪ್ರತಿ, ಟಿಕೆಟ್ ಎಲ್ಲವನ್ನೂ ಒಂದೇ ಪಿಡಿಎಫ್ ಮಾಡಿ ಕಾನ್ಸುಲೇಟ್‌ಗೆ ಈಮೇಲ್ ಕಳಿಸಿದೆವು. ವಿಷಯದ ಸಾಲು ಪತ್ರದಲ್ಲಿದ್ದದ್ದೇ. ಕಾನ್ಸುಲೇಟ್‌ಗಳ ತಾಣದಲ್ಲಿ ರಜಾದಿನಕ್ಕೂ ಸಲ್ಲುವ ತುರ್ತು ಸಂಖ್ಯೆ ಇರುತ್ತದೆ. ಅದಕ್ಕೂ ಫೋನು ಮಾಡಿ ಮೂರು ವಾಕ್ಯದಲ್ಲಿ ಹೇಳಿದೆ. ಶುಕ್ರವಾರ ಬಾಗಿಲು ತೆರೆಯುವ ಮುನ್ನವೇ ಮೇಷ್ಟ್ರು, ಅವರ ಪತ್ನಿ, ನಾನು ಹೊರಗೆ ನಿಂತಿದ್ದೆವು. ಅರ್ಜಿದಾರರು ಖುದ್ದಾಗಿ ಹೋಗಬೇಕು. ನಮ್ಮಂಥವರು ಪರವಾಗಿ ಹೋದರೆ ನಡೆಯುವುದಿಲ್ಲ. ಅಧಿಕಾರಿ ಕೇಳಿದ ಪ್ರಶ್ನೆಗಳು ತಂದೆಯ ಹೆಸರು, ಊರು, ಯಾವ ವಿಮಾನ, ಅಷ್ಟೇ. ಮೇಷ್ಟ್ರು ಉತ್ತರ ಕೊಡುವಾಗ ಅಧಿಕಾರಿಯ ಕಣ್ಣು ಪತ್ರದ ಮೇಲಿತ್ತು. ಮಧ್ಯಾಹ್ನದ ಮೇಲೆ ಸರ್ಟಿಫಿಕೇಟ್ ಸಿಕ್ಕಿತು. ಎಲ್ಲರಿಗೂ ಅದೇ ದಿನ ಸಿಗುತ್ತದೆಂದು ಇದರಿಂದ ಲೆಕ್ಕ ಹಾಕಬೇಡಿ. ಹಳೆಯ ಪಾಸ್‌ಪೋರ್ಟಿನ ವಿವರ ತಾಳೆಯಾಗದಿದ್ದರೆ ಊರಿನ ಕಚೇರಿಯಿಂದ ಉತ್ತರ ಬರುವವರೆಗೆ ಕಾಯಬೇಕಾಗುತ್ತದೆ.

7. ಆಮೇಲೆ ಸಿಕ್ಕ ಪಾಸ್‌ಪೋರ್ಟ್

ಕಳ್ಳರಿಗೆ ಬೇಕಾದದ್ದು ದುಡ್ಡು. ಚೀಲವನ್ನು ಕಸದ ಡಬ್ಬಿಗೆ ಎಸೆದು ಹೋಗುವುದುಂಟು. ದಾವಣಗೆರೆಯ ಒಬ್ಬ ಪ್ರವಾಸಿಗೆ ಹೀಗೇ ಪಾಸ್‌ಪೋರ್ಟ್ ಪೊಲೀಸರ ಮೂಲಕ ಮರಳಿ ಸಿಕ್ಕಿತು, ಸರ್ಟಿಫಿಕೇಟ್ ಪಡೆದ ಮರುದಿನ. "ಅಕ್ಕಾ, ಇನ್ನೇನು, ಇದರಲ್ಲೇ ಹೋಗ್ತೀನಿ" ಎಂದು ಖುಷಿಯಾಗಿದ್ದರು. ಹಾಗೆ ಹೋಗುವಂತಿಲ್ಲ. ಕಳವಾಗಿದೆ ಎಂದು ವರದಿಯಾದ ಪಾಸ್‌ಪೋರ್ಟಿನ ಸಂಖ್ಯೆ ಸರ್ಕಾರಿ ದಾಖಲೆಯಲ್ಲಿ ರದ್ದಾಗುತ್ತದೆ. ಅಂಥ ಸಂಖ್ಯೆಗಳನ್ನು ದೇಶಗಳು ಇಂಟರ್‌ಪೋಲ್‌ನ ದತ್ತಸಂಚಯಕ್ಕೆ ಸೇರಿಸುತ್ತವೆ. 2002ರಿಂದ ಆ ಏರ್ಪಾಡಿದೆ. ಗಡಿ ಪೊಲೀಸರ ಯಂತ್ರದಲ್ಲಿ ಆ ಸಂಖ್ಯೆ ಕೆಂಪಾಗಿ ಬಂದರೆ, ಪಾಸ್‌ಪೋರ್ಟ್ ನಿಮ್ಮದೇ ಎಂದು ರುಜುವಾತು ಮಾಡುವಷ್ಟರಲ್ಲಿ ವಿಮಾನ ಹೋಗಿರುತ್ತದೆ. ಸರ್ಟಿಫಿಕೇಟ್ ಇನ್ನೂ ಕೊಟ್ಟಿಲ್ಲವಾದರೆ, ಸಿಕ್ಕಿದೆ ಎಂದು ಕಾನ್ಸುಲೇಟ್‌ಗೆ ಕೂಡಲೇ ತಿಳಿಸಿ, ಮುಂದಿನದು ಅವರ ನಿರ್ಧಾರ.

8. ಹೊರಡುವ ದಾರಿ

ಸರ್ಟಿಫಿಕೇಟ್ ಭಾರತದೊಳಕ್ಕೆ ಬಿಡುತ್ತದೆ. ಯುರೋಪಿನಿಂದ ಹೊರಕ್ಕೆ ಬಿಡಬೇಕಾದವರು ಅಲ್ಲಿನ ಗಡಿ ಪೊಲೀಸರು. ಅದರಲ್ಲಿ ವೀಸಾ ಇಲ್ಲ, ಒಳಬಂದ ದಿನದ ಮೊಹರೂ ಇಲ್ಲ. ಆದ್ದರಿಂದ ವೀಸಾ ಪುಟದ ಪ್ರತಿ, ಬಂದ ವಿಮಾನದ ಬೋರ್ಡಿಂಗ್ ಪಾಸ್ ಅಥವಾ ಟಿಕೆಟ್, ದೆನುಂಚಾದ ಮೂಲಪ್ರತಿ ಮೂರನ್ನೂ ಕೈಚೀಲದಲ್ಲಿಡಿ. 2025ರ ಅಕ್ಟೋಬರಿನಿಂದ ಷೆಂಗೆನ್ ದೇಶಗಳು ಮೊಹರಿನ ಬದಲು ಬೆರಳಚ್ಚು, ಮುಖಚಿತ್ರದ ದಾಖಲೆಯನ್ನು ಹಂತಹಂತವಾಗಿ ತರತೊಡಗಿದವು. ನೀವು ಯಾವಾಗ ಬಂದಿರಿ ಎಂಬುದು ಅವರಿಗೂ ಕಾಣುತ್ತದೆ. ಆದರೂ ಕಾಗದ ಇರಲಿ.

ಮಾರ್ಗದ ಬಗ್ಗೆ ನನ್ನ ಅಭಿಪ್ರಾಯ ಖಚಿತ. ಫ್ರಾಂಕ್‌ಫರ್ಟ್ ಮೂಲಕ ಬೆಂಗಳೂರಿಗೆ ಬಂದರೆ ಷೆಂಗೆನ್‌ನಿಂದ ಹೊರಬೀಳುವ ತಪಾಸಣೆ ಜರ್ಮನಿಯಲ್ಲಿ. ಇಟಾಲಿಯನ್ ದೂರನ್ನು ಅಲ್ಲಿ ಓದಿ ಅರ್ಥಮಾಡಿಕೊಳ್ಳಬೇಕಾದವರು ಜರ್ಮನ್ ಪೊಲೀಸರು, ನಿಮಗಿರುವುದು ಎರಡು ವಿಮಾನಗಳ ನಡುವಿನ ಸಮಯ. ದೋಹಾದಂಥ ಕೊಲ್ಲಿ ಊರಿನ ಮೂಲಕ ಹೋದರೆ ತಪಾಸಣೆ ಮಿಲಾನ್‌ನಲ್ಲೇ ಮುಗಿಯುತ್ತದೆ, ದೂರು ಬರೆದುಕೊಂಡ ದೇಶದಲ್ಲೇ. ಆದರೆ ಒಂದೇ ಟಿಕೆಟ್ ಇರಬೇಕು, ಲಗೇಜು ಬೆಂಗಳೂರಿಗೇ ಟ್ಯಾಗ್ ಆಗಿರಬೇಕು. ಎರಡು ಬೇರೆ ಟಿಕೆಟ್ ಇದ್ದು ನಡುವಿನ ಊರಿನಲ್ಲಿ ಹೊರಬಂದು ಮತ್ತೆ ಚೆಕ್-ಇನ್ ಮಾಡಬೇಕಾದರೆ, ಆ ದೇಶ ಸರ್ಟಿಫಿಕೇಟ್ ಹಿಡಿದವರನ್ನು ಒಳಗೆ ಬಿಡಬೇಕೆಂದಿಲ್ಲ. ಏರ್‌ಲೈನ್‌ನವರಿಗೆ ಹಿಂದಿನ ದಿನವೇ ಫೋನು ಮಾಡಿ, ಪ್ರಯಾಣ ಎಮರ್ಜೆನ್ಸಿ ಸರ್ಟಿಫಿಕೇಟ್ ಮೇಲೆ ಎಂದು ಬುಕಿಂಗಿನಲ್ಲಿ ಬರೆಸಿ. ಚೆಕ್-ಇನ್ ಕೌಂಟರಿನ ಹುಡುಗಿ ಈ ಕಾಗದವನ್ನು ಮೊದಲ ಬಾರಿ ನೋಡುತ್ತಿರಬಹುದು, ಮೇಲಿನವರನ್ನು ಕೇಳಿ ಬರಲು ಸಮಯ ಬೇಕು. ಭಾನುವಾರ ನಾವು ಮಲ್ಪೆನ್ಸಾಕ್ಕೆ ಗುಂಪಿಗಿಂತ ಮೊದಲೇ ಹೋಗಿದ್ದೆವು. ಕೌಂಟರಿನಲ್ಲಿ ತಡವಾಯಿತು, ಗಡಿ ತಪಾಸಣೆಯಲ್ಲಿ ಅಷ್ಟಾಗಲಿಲ್ಲ.

ಬೆಂಗಳೂರಿನಲ್ಲಿ ಇಮಿಗ್ರೇಷನ್‌ನವರು ಸರ್ಟಿಫಿಕೇಟ್ ಇಟ್ಟುಕೊಳ್ಳಬಹುದು. ಆದ್ದರಿಂದ ವಿಮಾನ ಹತ್ತುವ ಮೊದಲೇ ಅದರ ಎಲ್ಲ ಪುಟಗಳ ಫೋಟೋ ತೆಗೆದುಕೊಳ್ಳಿ, ಬೋರ್ಡಿಂಗ್ ಪಾಸ್ ಎಸೆಯಬೇಡಿ. ಊರಿಗೆ ಬಂದ ಮೇಲೆ ಹೊಸ ಪಾಸ್‌ಪೋರ್ಟಿಗೆ ರೀಇಶ್ಯೂ ಅರ್ಜಿ; ಕಾರಣದ ಜಾಗದಲ್ಲಿ ಕಳವು ಎಂದು ನಮೂದಿಸಿ ಅನೆಕ್ಷರ್ ಎಫ್ ಎಂಬ ಪ್ರಮಾಣಪತ್ರ ಕೊಡಬೇಕು. ಕಳೆದ ಪಾಸ್‌ಪೋರ್ಟಿಗೆ ಬದಲಿ ಎಂದಾದರೆ 36 ಪುಟದ ಪುಸ್ತಕಕ್ಕೆ ಶುಲ್ಕ 3,000 ರೂಪಾಯಿ, ತತ್ಕಾಲ್ ಆದರೆ ಮತ್ತೆ 2,000. ದೂರಿನ ಇಟಾಲಿಯನ್ ಪ್ರತಿಗೆ ಇಂಗ್ಲಿಷ್ ಅನುವಾದವನ್ನೂ ಜತೆಗಿಟ್ಟುಕೊಂಡು ಹೋಗಿ. ಅನೆಕ್ಷರ್‌ನಲ್ಲಿ ಎಲ್ಲಿ, ಹೇಗೆ ಹೋಯಿತು ಎಂದು ಬರೆಯುವಾಗ ಕಾನ್ಸುಲೇಟ್ ಪತ್ರದ ಎರಡನೇ ಪ್ಯಾರಾವನ್ನು ಹಾಗೆಯೇ ನಕಲು ಮಾಡಿ.